ಬೆನ್ನಪ್ಪನ ಮುಖ

ಅವಳ ಅಪ್ಪನಿಗೆ ಸಿನಿಮಾದವರು ಇಟ್ಟ ಹೆಸರು ಬೆನ್ನಪ್ಪ. ಇಟ್ಟವರದೇನೂ ತಪ್ಪಿಲ್ಲ ಬಿಡಿ. ಮೂವತ್ತು ವರ್ಷ ಒಬ್ಬನೇ ಒಬ್ಬ ಹೀರೋನ ಡ್ಯೂಪ್ ಆಗಿ ಬಿದ್ದು, ಎದ್ದು, ಗೋಡೆ ಹಾರಿ, ನೀರಿಗೆ ಧುಮುಕಿದ ಮನುಷ್ಯ ಅವನು. ಅಷ್ಟೂ ವರ್ಷದಲ್ಲಿ ಪರದೆಯ ಮೇಲೆ ಕಂಡದ್ದು ಅವನ ಬೆನ್ನು ಮಾತ್ರ. ಗಾಜು ಒಡೆದುಕೊಂಡು ಹೊರಗೆ ಹಾರಿದ್ದು ಬೆನ್ನಪ್ಪ, ಎದ್ದು ನಿಂತು ಬಟ್ಟೆ ಕೊಡವಿಕೊಂಡು ನಕ್ಕಿದ್ದು ಹೀರೋ. ಶಿಳ್ಳೆ ಯಾರಿಗೆ ಬಿತ್ತು ಅಂತ ಹೇಳಬೇಕಾಗಿಲ್ಲ.

ಅಮ್ಮನಿಗೆ ಮಾತ್ರ ಶಿಳ್ಳೆಯ ಲೆಕ್ಕ ಬೇರೆ ಇತ್ತು. ಥಿಯೇಟರಿನಲ್ಲಿ ಹೀರೋ ಕ್ಯಾಮೆರಾಕ್ಕೆ ಬೆನ್ನು ತೋರಿಸಿದ ಕೂಡಲೇ ಅವಳು ಪಕ್ಕದ ಸೀಟಿನವರನ್ನು ಮೊಣಕೈಯಿಂದ ತಿವಿಯುತ್ತಿದ್ದಳು. "ಅಗೋ, ನಮ್ಮನೆಯವ್ರು ಬಂದ್ರು!" ಪಕ್ಕದವರು ಗಾಬರಿಯಾಗಿ ಬಾಗಿಲ ಕಡೆ ನೋಡುತ್ತಿದ್ದರು. "ಅಲ್ಲಲ್ಲ, ಪರದೆ ಮೇಲೆ. ಆ ಹೆಗಲು ನೋಡಿ. ಎಡಗಡೆ ಒಂಚೂರು ಇಳಿಜಾರು. ನಮ್ಮನೆಯವ್ರದ್ದೇ." ಕತ್ತಲಲ್ಲಿ, ಹೊಗೆಯಲ್ಲಿ, ಹತ್ತು ಜನ ಒಟ್ಟಿಗೆ ಓಡುವಾಗಲೂ ಅವಳು ಗಂಡನನ್ನು ಗುರುತು ಹಿಡಿಯದೆ ಬಿಟ್ಟದ್ದಿಲ್ಲ. ಸಣ್ಣವಳಿದ್ದಾಗ ಮಗಳಿಗೆ ನಾಚಿಕೆಯಿಂದ ಸೀಟಿನ ಕೆಳಗೆ ಇಳಿದುಬಿಡೋಣ ಅನಿಸುತ್ತಿತ್ತು.

ಆ ಮಗಳು ಬೆಳೆದು ಹಿಡಿದ ಕೆಲಸವನ್ನು ನೋಡಿ. ಸಿನಿಮಾದ ಚಿತ್ರೀಕರಣ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಚಮತ್ಕಾರ ಸೇರಿಸುವ ಸ್ಟುಡಿಯೋ ಒಂದರಲ್ಲಿ ಅವಳು ಮುಖ ಬದಲಿಸುವವಳು. ಡ್ಯೂಪ್‌ನ ಮೈ ಮೇಲೆ ಹೀರೋನ ಮುಖ ಕೂರಿಸುವುದು ಅವಳ ಕಸುಬು. ಅಪ್ಪನ ಕಾಲದಲ್ಲಿ ಡ್ಯೂಪ್ ಮುಖ ಮುಚ್ಚಿಕೊಳ್ಳಬೇಕಿತ್ತು, ಮಗಳ ಕಾಲದಲ್ಲಿ ಮುಖ ತೋರಿಸಿದರೂ ಅವಳೇ ಮುಚ್ಚಿಬಿಡುತ್ತಾಳೆ. "ನಮ್ಮ ವಂಶಕ್ಕೆ ಮುಖ ಅನ್ನೋದು ಆಗಿಬರಲ್ಲ," ಅಂತ ಅಪ್ಪ ನಗುತ್ತಿದ್ದ.

ಸ್ಟುಡಿಯೋದಲ್ಲಿ ಅವಳಿಗೆ ಅಳತೆಗಾರ್ತಿ ಅಂತ ಹೆಸರು. ಯಾವ ಮುಖದ ಮೇಲೆ ಯಾವ ಮುಖ ಕೂರುತ್ತದೆ ಅಂತ ಮೊದಲೇ ಹೇಳುವವಳು ಅವಳು. ಹೊರಗಿನವರು, ಕಂಪ್ಯೂಟರ್ ಇದೆಯಲ್ಲ, ಯಾರ ಮುಖವನ್ನು ಬೇಕಾದರೂ ಯಾರಿಗೆ ಬೇಕಾದರೂ ಹಾಕಬಹುದು ಅಂದುಕೊಂಡಿರುತ್ತಾರೆ. ಹಾಕಬಹುದು, ಯಾರು ಬೇಡ ಅಂದರು? ಗುಂಡು ತಟ್ಟೆಯ ಮೇಲೆ ಚೌಕ ಮುಚ್ಚಳ ಹಾಕಿದ ಹಾಗೆ ಇರುತ್ತದೆ ಅಷ್ಟೇ. ಬದಲಾಗುವುದು ಹುಬ್ಬಿನಿಂದ ಗಲ್ಲದವರೆಗಿನ ಒಳಗಿನ ಮುಖ ಮಾತ್ರ. ತಲೆಯ ಆಕಾರ, ಕೂದಲು, ಕಿವಿ, ದವಡೆಯ ಅಂಚು, ಕತ್ತು ಎಲ್ಲ ಡ್ಯೂಪ್‌ನದೇ ಉಳಿಯುತ್ತದೆ. ಬಣ್ಣ ತಿದ್ದಬಹುದು, ಸುಕ್ಕು ಅಳಿಸಬಹುದು, ಗಡ್ಡ ಬೆಳೆಸಬಹುದು. ಎಲುಬಿನ ಹತ್ತಿರ ಮಾತ್ರ ಯಾರ ಆಟವೂ ಸುಲಭಕ್ಕೆ ನಡೆಯುವುದಿಲ್ಲ. ಡ್ಯೂಪ್‌ನ ದವಡೆ ಹೀರೋನದಕ್ಕಿಂತ ಅಗಲ ಇದ್ದರೆ ಎರಡೂ ಪಕ್ಕ ದವಡೆ ಹೊರಗೆ ಇಣುಕುತ್ತದೆ. ಮೂಗಿನ ಬುಡದಿಂದ ಗಲ್ಲದವರೆಗಿನ ಉದ್ದ ಕಮ್ಮಿ ಇದ್ದರೆ ಹೀರೋನ ಬಾಯಿ ಗಲ್ಲದ ಮೇಲೇ ಬಂದು ಕೂತುಬಿಡುತ್ತದೆ. ತಲೆಯೇ ಹೆಗಲಿಗೆ ಹೋಲಿಸಿದರೆ ದೊಡ್ಡದೋ ಚಿಕ್ಕದೋ ಆಗಿದ್ದರಂತೂ ನೋಡಿದವರಿಗೆ ಏನೋ ಸರಿಯಿಲ್ಲ ಅನಿಸುತ್ತದೆ, ಏನು ಅಂತ ಮಾತ್ರ ತಿಳಿಯುವುದಿಲ್ಲ.

ಈ ಹುಚ್ಚು ಅವಳಿಗೆ ಎಷ್ಟು ಹತ್ತಿತ್ತೆಂದರೆ, ಬಸ್ಸಿನಲ್ಲಿ ಎದುರಿಗೆ ಕೂತವರ ದವಡೆಯನ್ನೂ ಕಣ್ಣಲ್ಲೇ ಅಳೆಯುತ್ತಿದ್ದಳು. ಒಬ್ಬರು ಮುದುಕರು ಒಂದು ಸಲ, "ಏನಮ್ಮ, ನನ್ನ ಮುಖಕ್ಕೆ ಏನಾದ್ರೂ ಅಂಟಿದೆಯಾ?" ಅಂತ ಕೇಳಿಯೇಬಿಟ್ಟರು. "ಇಲ್ಲ ತಾತ, ಅಂಟಿಸಿದ್ರೆ ಚೆನ್ನಾಗಿ ಕೂರುತ್ತೆ," ಅಂತ ಬಾಯಿ ತಪ್ಪಿ ಅಂದು ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟಳು ಪುಣ್ಯಾತ್ಗಿತ್ತಿ.

ಹೀಗಿರುವಾಗ ಆ ಹೀರೋನ ಕೊನೆಯ ಸಿನಿಮಾ ಬಂತು. ಹೌದು, ಬೆನ್ನಪ್ಪನ ಹೀರೋನೇ. ಮಂಡಿಗೆ ಆಪರೇಷನ್ ಆಗಿತ್ತು, ಇನ್ನು ಸಾಕು ಅಂದಿದ್ದರು. ಕೊನೆಯ ದೃಶ್ಯ ಒಂದು ಉಳಿದಿತ್ತು. ಉದ್ದನೆಯ ಮೆಟ್ಟಿಲು ಓಡಿ ಹತ್ತಿ, ಮೇಲೆ ನಿಂತು ತಿರುಗಿ, ಕೆಳಗಿಳಿದು ಕ್ಯಾಮೆರಾದ ಕಡೆ ನಡೆದು ಬಂದು, ಅದನ್ನೇ ನೇರವಾಗಿ ನೋಡಿ, ಮತ್ತೆ ಬೆನ್ನು ಹಾಕಿ ಹೋಗಬೇಕು. ಒಂದೇ ಏಟಿಗೆ, ಮಧ್ಯೆ ಕತ್ತರಿಸದೆ. ಹೀರೋನ ಮಂಡಿಗೆ ಮೂರು ಮೆಟ್ಟಿಲೂ ಆಗದು. ಡ್ಯೂಪ್ ಹತ್ತಲಿ, ಅವನ ಮೇಲೆ ಹೀರೋನ ಮುಖ ಕೂರಿಸೋಣ ಅಂತ ತೀರ್ಮಾನವಾಯಿತು. ಹೀರೋ ಸ್ಟುಡಿಯೋದಲ್ಲಿ ಕುರ್ಚಿಯಲ್ಲಿ ಕೂತು, ಅದೇ ಬೆಳಕಿನಲ್ಲಿ, ಅದೇ ಭಾವ ಕೊಡುವುದು ಅಂತಾಯಿತು.

ಸುದ್ದಿ ತಿಳಿದ ದಿನ ಅಪ್ಪ ಟೀ ಲೋಟ ಹಿಡಿದುಕೊಂಡು ಮಗಳ ಪಕ್ಕ ಬಂದು ಕೂತ. ಬೇಡುವುದು ಅವನಿಗೆ ಗೊತ್ತಿಲ್ಲದ ವಿದ್ಯೆ, ಅದಕ್ಕೇ ಲೋಟವನ್ನು ನೋಡುತ್ತಾ ಮಾತಾಡಿದ.

"ಪುಟ್ಟಿ, ಆ ಮೆಟ್ಟಿಲು ನಾನು ಹತ್ತುತೀನಿ."

"ಹತ್ತೋದು ದೊಡ್ಡ ವಿಷಯ ಅಲ್ಲಪ್ಪ. ಮುಖ ಹೊಂದಬೇಕು."

"ಅದೇ ಹೇಳ್ತಿರೋದು. ಮೂವತ್ತು ವರ್ಷ ಆಯ್ತು, ಒಂದೇ ಒಂದು ಸಲ ಕ್ಯಾಮೆರಾ ಕಡೆ ಮುಖ ಮಾಡಿ ನಡೀಬೇಕು. ಆಮೇಲೆ ಅದರ ಮೇಲೆ ಯಾರ ಮುಖ ಬೇಕಾದ್ರೂ ಅಂಟಿಸ್ಕೊಳ್ಳಿ, ನನ್ನ ಅಡ್ಡಿಯಿಲ್ಲ. ಒಂದು ಸಲ ಎದುರಿಗೆ ನಿಂತೆ ಅನ್ನೋದು ನನಗೆ ಗೊತ್ತಿದ್ರೆ ಸಾಕು."

ಇಷ್ಟು ವರ್ಷ ಬೆನ್ನಪ್ಪ ಅಂದಾಗೆಲ್ಲ ಮುಂದಾಗಿ ನಗುತ್ತಿದ್ದ ಅಪ್ಪನಿಗೆ ಇಂಥದೊಂದು ಆಸೆ ಇದೆ ಅಂತ ಯಾರಿಗೆ ಗೊತ್ತಿತ್ತು? ಆದರೂ ಅವಳು ಹೂಂ ಅನ್ನಲಿಲ್ಲ. "ಟೆಸ್ಟ್ ಮಾಡ್ತಾರೆ, ನೋಡೋಣ," ಅಂದಳು.

ಅವಳ ಮೇಲಿನವಳು, ಸ್ಟುಡಿಯೋದ ಮೇಡಂ, ವಿಷಯ ಕೇಳಿ ಕಣ್ಣು ಮಿಟುಕಿಸಿದಳು. "ನಿಮ್ಮಪ್ಪನ ದವಡೆ ನೀನೇ ಅಳೀಬೇಕಾ? ಪಾಸು ಮಾಡಿದ್ರೆ ಊರು ಬೈಯುತ್ತೆ, ಫೇಲು ಮಾಡಿದ್ರೆ ಮನೆ ಬೈಯುತ್ತೆ. ಬೇರೆಯವರಿಗೆ ಕೊಡ್ಲಾ?"

"ಬೇಡ ಮೇಡಂ. ಎಲುಬಿಗೆ ಯಾರ ಅಪ್ಪ ಅಂತ ಗೊತ್ತಿರಲ್ಲ."

ಎಂಥಾ ಮಾತು! ಆಡಿ ಅವಳಿಗೇ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲೇ ಇನ್ನೊಂದು ಕೆಲಸ ಮಾಡಿದಳು. ಅಪ್ಪನ ಟೆಸ್ಟ್ ನಡೆಯುವ ಜಾಗಕ್ಕೆ ತಾನು ಹೋಗುವುದಿಲ್ಲ ಅಂದಳು. ಹೋದರೆ ಹೀಗೆ ನಿಲ್ಲು, ಹಾಗೆ ನೋಡು ಅಂತ ಹೇಳಿಕೊಟ್ಟಳು ಅನ್ನುತ್ತಾರೆ. ಕ್ಯಾಮೆರಾದವರೇ ತೆಗೆದು ಕಳಿಸಲಿ, ತಾನು ಚಿತ್ರ ಮಾತ್ರ ನೋಡುತ್ತೇನೆ ಅಂತ ಶಿಸ್ತಿನ ಸಿಪಾಯಿಯಾದಳು.

ಚಿತ್ರಗಳು ಬಂದವು. ದೂರದಿಂದ, ಉದ್ದ ಲೆನ್ಸಿನಲ್ಲಿ, ಕಣ್ಣಿನ ಎತ್ತರಕ್ಕೆ ಕ್ಯಾಮೆರಾ ಇಟ್ಟು, ಹೀರೋನನ್ನು ತೆಗೆದ ಹಾಗೆಯೇ ತೆಗೆದಿದ್ದರು. ಅವಳು ಕಣ್ಣಿಗೆ ಕಣ್ಣು ಹೊಂದಿಸಿ, ಹೀರೋನ ಮುಖವನ್ನು ಅರೆಪಾರದರ್ಶಕ ಮಾಡಿ ಅಪ್ಪನ ಮುಖದ ಮೇಲೆ ಹಾಸಿದಳು. ತಲೆಯ ಗಾತ್ರ ಹೆಗಲಿಗೆ ಸರಿ. ಕೆನ್ನೆಯೆಲುಬಿನ ಅಗಲ ಸರಿ. ಎದೆ ಹಗುರಾಯಿತು. ಇನ್ನೂ ಕೆಳಗೆ ಬಂದಳು. ಹೀರೋನ ಗಲ್ಲ ಅಪ್ಪನ ಗಲ್ಲದಿಂದ ಕೆಳಗೆ ಇಳಿದು ಕತ್ತಿನ ಮೇಲೆ ನೇತಾಡುತ್ತಿತ್ತು. ಮೂಗಿನ ಬುಡದಿಂದ ಗಲ್ಲದವರೆಗೆ ಅಪ್ಪನದು ಗಿಡ್ಡ, ಹಣೆ ಉದ್ದ. ಮುಖ ಗಿಡ್ಡವಾದದ್ದಕ್ಕೆ ದವಡೆಯೂ ಅಗಲವಾಗಿ ಕಂಡಿತು. ಮೂರು ಸಲ ಹೊಂದಿಸಿದಳು, ಮೂರು ಸಲವೂ ಹಾಗೆಯೇ. ಬೇರೆಯವರ ಅಪ್ಪನಾಗಿದ್ದರೆ ಇನ್ನೊಂದು ಟೆಸ್ಟ್ ಕೇಳುತ್ತಿದ್ದಳೋ ಏನೋ. ತನ್ನ ಅಪ್ಪನಾದ್ದರಿಂದ ಕೇಳಲಿಲ್ಲ. "ಹೊಂದಲ್ಲ," ಅಂತ ಬರೆದು ಕಳಿಸಿದಳು.

ಅದೇ ಹೊತ್ತಿಗೆ ಇನ್ನೊಬ್ಬರ ಫೋಟೋ ಬಂದಿತ್ತು. ಜಿಮ್ಮಿನಲ್ಲಿ ಕಸರತ್ತು ಕಲಿಸುವ ಮೇಷ್ಟ್ರು ಒಬ್ಬರು. ಹೊರಗೆಲ್ಲೋ ಇದ್ದರು, ತಮ್ಮ ಫೋನಿನಲ್ಲೇ ಮುಖ ತೆಗೆದು ಕಳಿಸಿದ್ದರು. ಆ ಚಿತ್ರದ ಮೇಲೆ ಹೀರೋನ ಮುಖ ಬೆಣ್ಣೆಯ ಹಾಗೆ ಕೂತಿತು. ದವಡೆ ಅಂದರೆ ದವಡೆ, ಗಲ್ಲ ಅಂದರೆ ಗಲ್ಲ. "ಸದ್ಯಕ್ಕೆ ಇವರು," ಅಂತ ಅವಳು ಅಂದಳು. ಎಲ್ಲರಿಗೂ ನೆಮ್ಮದಿಯಾಯಿತು, ಒಬ್ಬನನ್ನು ಬಿಟ್ಟು.

ಮನೆಯಲ್ಲಿ ಅಪ್ಪ ಬೈಯಲಿಲ್ಲ, ಕೂಗಾಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಪೇಪರ್ ಹಿಡಿದು ಕೂತ. ಅವಳು ಒಳಗೆ ಬಂದರೆ ಪೇಪರ್ ಒಂದು ಗೇಣು ಮೇಲೆ ಹೋಗುತ್ತಿತ್ತು. ಮೂವತ್ತು ವರ್ಷ ಜಗತ್ತಿಗೆ ಬೆನ್ನು ತೋರಿಸಿದವನು ಮಗಳಿಗೆ ಪೇಪರ್ ತೋರಿಸುತ್ತಿದ್ದ.

"ನೀರು ಬೇಕಾ ಅಂತ ಕೇಳೇ ನಿಮ್ಮಪ್ಪನ್ನ," ಅಮ್ಮ ಅಡುಗೆಮನೆಯಿಂದ ಅಂದಳು.

"ಅಪ್ಪ, ನೀರು ಬೇಕಾ?"

"ಗಿಡ್ಡ ಗಲ್ಲದವರಿಗೆ ಬಾಯಾರಿಕೆ ಆಗಲ್ಲ ಅಂತ ಹೇಳೇ ನಿನ್ನ ಮಗಳಿಗೆ," ಪೇಪರ್ ಉತ್ತರ ಕೊಟ್ಟಿತು.

ಅವಳಿಗೆ ನಗುವೂ ಬಂತು, ಅಳುವೂ ಬಂತು. "ಅಪ್ಪ, ನಾನೇನು ಬೇಕು ಅಂತ ಮಾಡಿದ್ನಾ? ಹೊಂದಲಿಲ್ಲ, ಅಷ್ಟೇ."

"ನಾನೇನು ಅಂದೆ? ಹಿತ್ತಲ ಗಿಡ ಮದ್ದಲ್ಲ. ಗೊತ್ತಿರೋ ವಿಷಯಾನೇ."

ಅಮ್ಮ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಅಪ್ಪನ ಕೋಪಕ್ಕೆ ಅವಳ ಹತ್ತಿರ ಒಂದೇ ಮದ್ದು, ಅದಕ್ಕಿಂತ ದೊಡ್ಡ ಜಗಳ ತೆಗೆಯುವುದು. "ಸಾಕು ಮಾಡ್ರೀ ನಿಮ್ಮ ಮುಖ ಊದಿಸ್ಕೊಳ್ಳೋದನ್ನ. ಬೆಳಿಗ್ಗೆ ಬಚ್ಚಲಲ್ಲಿ ನಲ್ಲಿ ನಿಲ್ಲಿಸದೆ ಹಾಗೇ ಬಂದ್ರಲ್ಲ, ಟ್ಯಾಂಕ್ ಖಾಲಿ ಆಯ್ತು, ಅದಕ್ಕೂ ಮಗಳೇ ಕಾರಣಾನಾ?"

ಪೇಪರ್ ಧಡಕ್ಕನೆ ಕೆಳಗೆ ಬಂತು. ಅಪ್ಪ ಬೆನ್ನು ನೆಟ್ಟಗೆ ಮಾಡಿ, ಕತ್ತು ಎತ್ತಿ, ಹೆಂಡತಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. "ನಲ್ಲಿ ನಾನು ಬಿಟ್ಟಿದ್ನಾ? ನಾನಾ? ಬಟ್ಟೆ ನೆನೆಸೋಕೆ ಹೋದವರು ಯಾರು?"

ಅಮ್ಮ ಮಗಳ ಪಕ್ಕದಲ್ಲೇ ನಿಂತಿದ್ದಳು. ಹಾಗಾಗಿ ಆ ನೋಟ ಮಗಳಿಗೂ ಎದುರಿಗೇ ಇತ್ತು. ಅಭ್ಯಾಸ ಎಲ್ಲಿ ಬಿಡುತ್ತದೆ, ಅವಳ ಕಣ್ಣು ತನ್ನಷ್ಟಕ್ಕೆ ಅಳೆಯತೊಡಗಿತು. ಮೂಗಿನ ಬುಡ, ತುಟಿ, ಗಲ್ಲ. ಗಿಡ್ಡ ಎಲ್ಲಿದೆ? ಅಪ್ಪನ ಕನ್ನಡಕದ ಕಡ್ಡಿ ಕಣ್ಣಿನಿಂದ ಕಿವಿಗೆ ಗೆರೆ ಎಳೆದ ಹಾಗೆ ನೇರವಾಗಿ ಹೋಗಿತ್ತು. ಕಿವಿಯ ಮೇಲ್ತುದಿ ಸರಿಯಾಗಿ ಹುಬ್ಬಿನ ಮಟ್ಟಕ್ಕೆ.

ಅವಳಿಗೆ ಏನೋ ಚುಚ್ಚಿತು. ಟೆಸ್ಟ್ ಚಿತ್ರದಲ್ಲಿ ಅಪ್ಪನ ಕಿವಿ ಎಲ್ಲಿತ್ತು? ಕಿವಿಯನ್ನು ಅವಳು ನೋಡಿಯೇ ಇರಲಿಲ್ಲ. ಕಿವಿ ಡ್ಯೂಪ್‌ನದೇ ಉಳಿಯುತ್ತದೆ, ಬದಲಾಗುವ ಭಾಗವಲ್ಲ, ಹಾಗಾಗಿ ಯಾರು ನೋಡುತ್ತಾರೆ?

ಮರುದಿನ ಸ್ಟುಡಿಯೋಗೆ ಹೋಗಿ ಬ್ಯಾಗ್ ಕೂಡ ಇಳಿಸದೆ ಚಿತ್ರ ತೆರೆದಳು. ಅಯ್ಯೋ ನನ್ನ ಕರ್ಮವೇ! ಕಿವಿಗಳು ಹುಬ್ಬಿನಿಂದ ಮೇಲಕ್ಕೆ ಹೋಗಿ ಹಣೆಯ ಪಕ್ಕ ಕೂತಿದ್ದವು. ತಲೆ ತಗ್ಗಿಸಿದಾಗ ಮಾತ್ರ ಕಿವಿ ಹಾಗೆ ಮೇಲೆ ಹೋದಂತೆ ಕಾಣುತ್ತದೆ, ಹಣೆ ಉದ್ದವಾಗುತ್ತದೆ, ಗಲ್ಲ ಗಿಡ್ಡವಾಗುತ್ತದೆ. ಒಂದಲ್ಲ, ಎಲ್ಲ ಚಿತ್ರದಲ್ಲೂ ಅಪ್ಪ ಗಲ್ಲವನ್ನು ಎದೆಯ ಕಡೆ ಒತ್ತಿಕೊಂಡು, ಮುಖವನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಹೊರಳಿಸಿದ್ದ. ಮೂವತ್ತು ವರ್ಷದ ಪಾಠ ಅದು. ಕ್ಯಾಮೆರಾ ಕಂಡರೆ ಮುಖ ಅಡಗಿಸು, ಇಲ್ಲವಾದರೆ ದೃಶ್ಯ ಕೆಟ್ಟಿತು ಅಂತ ಬೈಗುಳ. ತಾನು ಹೀಗೆ ಮಾಡುತ್ತಿದ್ದೇನೆ ಅಂತ ಅವನಿಗೇ ಗೊತ್ತಿಲ್ಲ. ಎಲುಬಿಗೆ ಯಾರ ಅಪ್ಪ ಅಂತ ಗೊತ್ತಿರಲ್ಲ ನಿಜ, ಆದರೆ ಕತ್ತಿಗೆ ಎಲ್ಲ ಗೊತ್ತಿರುತ್ತದೆ. ಅವಳು ಅಲ್ಲಿದ್ದಿದ್ದರೆ ಒಂದು ಕ್ಷಣದಲ್ಲಿ ಕಾಣುತ್ತಿತ್ತು. ಶಿಸ್ತು ತೋರಿಸಲು ಹೋಗಿ ಅಪ್ಪನ ಆಸೆಗೆ ತಾನೇ ಕಲ್ಲು ಹಾಕಿದ್ದಳು.

ಒಂದು ತಪ್ಪು ಸಿಕ್ಕಿದ ಮೇಲೆ ಅವಳು ಎರಡನೆಯದನ್ನೂ ಹುಡುಕಿದಳು. ಜಿಮ್ ಮೇಷ್ಟ್ರ ಫೋಟೋ ಎತ್ತಿಕೊಂಡಳು. ಕೈಯಳತೆ ದೂರದ ಫೋನಿನಲ್ಲಿ ತೆಗೆದ ಮುಖ. ಅಷ್ಟು ಹತ್ತಿರದಿಂದ ತೆಗೆದರೆ ಮೂಗು ಮುಂದೆ ನುಗ್ಗುತ್ತದೆ, ಕಿವಿ ಹಿಂದೆ ಸರಿಯುತ್ತದೆ, ಮುಖ ಕಿರಿದಾಗಿ ಕಾಣುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನವೇ ಅವಳು ಹೇಳಿಕೊಡುವ ಪಾಠ ಇದು. ದೂರದ ಲೆನ್ಸಿನ ಚಿತ್ರವನ್ನು ಹತ್ತಿರದ ಚಿತ್ರದ ಜೊತೆ ಅಳೆಯಬಾರದು. ದೀಪದ ಬುಡದಲ್ಲೇ ಕತ್ತಲೆ ಅಂದರೆ ಇದೇ ಇರಬೇಕು.

ಮೇಡಂ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಮೇಡಂ ಚಿತ್ರವನ್ನು ನೋಡಿದಳು, ಅವಳನ್ನು ನೋಡಿದಳು. "ಊರ ಮುಖ ಎಲ್ಲ ಅಳೆದವಳು ಮನೆಯಲ್ಲಿರೋ ಮುಖಾನ ಸರಿಯಾಗಿ ನೋಡಿಲ್ಲ ಅನ್ನು."

"ಹೌದು ಮೇಡಂ."

"ಮತ್ತೆ ತೆಗಿ. ಇಬ್ಬರನ್ನೂ ಒಂದೇ ಜಾಗದಲ್ಲಿ, ಒಂದೇ ಲೆನ್ಸಲ್ಲಿ. ಈ ಸಲ ನೀನೂ ಇರು. ಪಕ್ಷಪಾತ ಆಗದ ಹಾಗೆ ನಾನೂ ಇರ್ತೀನಿ."

ಜಿಮ್ ಮೇಷ್ಟ್ರು ಮೊದಲು ನಿಂತರು. ಸುಸಂಸ್ಕೃತ ಮನುಷ್ಯ. ದೂರದ ಲೆನ್ಸಿನಲ್ಲಿ ಅವರ ದವಡೆ ನಿಜರೂಪ ತೋರಿಸಿತು, ಎರಡೂ ಪಕ್ಕ ಒಂದೊಂದು ಬೆರಳು ಹೊರಗೆ. ತಲೆಯೂ ಹೀರೋನ ತಲೆಗಿಂತ ಒಂದು ಸುತ್ತು ದೊಡ್ಡದು. ಅವರೇ ಪರದೆಯನ್ನು ನೋಡಿ ನಕ್ಕುಬಿಟ್ಟರು. "ಹೀರೋ ನನ್ನ ಮುಖದೊಳಗಿಂದ ಇಣುಕಿ ನೋಡ್ತಾ ಇದಾರೆ ಮೇಡಂ. ಹಿರಿಯರನ್ನ ಅಲ್ಲಿ ಕೂಡಿಹಾಕೋದು ಬೇಡ."

ಆಮೇಲೆ ಅಪ್ಪ. ಮಗಳು ವಿಷಯ ಹೇಳಿ ಕ್ಷಮೆ ಕೇಳಿದ್ದಳು. ಅವನು ಒಪ್ಪಲಿಲ್ಲ. "ನಾನು ಎಲ್ಲಿ ತಲೆ ತಗ್ಗಿಸಿದೀನಿ? ನೆಟ್ಟಗೇ ನಿಂತಿದ್ದೆ," ಅಂತಲೇ ಬಂದಿದ್ದ. ಗುರುತು ಹಾಕಿದ ಜಾಗದಲ್ಲಿ ಕಂಬದ ಹಾಗೆ ನಿಂತ. ಕ್ಯಾಮೆರಾ ಚಾಲೂ ಅಂದರು. ಗಲ್ಲ ಮೆಲ್ಲಗೆ ಎದೆಗೆ ಇಳಿಯಿತು, ಮುಖ ಮೆಲ್ಲಗೆ ಗೋಡೆಗೆ ಹೊರಳಿತು.

"ಅಪ್ಪ, ತಲೆ ಎತ್ತು."

"ಎತ್ತಿದೀನಲ್ಲ!"

"ಇನ್ನೂ."

ಎತ್ತಿದ. ಎಷ್ಟು ಎತ್ತಿದನೆಂದರೆ ಮೂಗಿನ ಹೊಳ್ಳೆ ಮಾತ್ರ ಕಂಡಿತು. ಇಳಿಸು ಅಂದರೆ ಹಳೇ ಜಾಗಕ್ಕೇ ಬಂತು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ, ಕಲಿತ ಗುಣ ಅದಕ್ಕಿಂತ ಮೊಂಡು. ಮತ್ತೊಮ್ಮೆ, ಇನ್ನೊಮ್ಮೆ. ಕ್ಯಾಮೆರಾ ನಿಂತಾಗ ರಾಜನ ಹಾಗೆ ನಿಲ್ಲುತ್ತಾನೆ, ಚಾಲೂ ಅಂದ ಕೂಡಲೇ ಕಳ್ಳನ ಹಾಗೆ ಮುಖ ಮರೆಸುತ್ತಾನೆ. ಅಪ್ಪನ ಹಣೆಯಲ್ಲಿ ಬೆವರು ಒಡೆಯಿತು. ಪರದೆಯಲ್ಲಿ ತನ್ನನ್ನೇ ತೋರಿಸಿದಾಗ ಅವನು ಬಹಳ ಹೊತ್ತು ನೋಡಿದ.

"ಹೌದಲ್ಲೇ ಪುಟ್ಟಿ," ಅಂದ. ದನಿ ಸಣ್ಣದಾಗಿತ್ತು. "ನನ್ನ ಕತ್ತು ನನ್ನ ಮಾತೇ ಕೇಳ್ತಿಲ್ಲ. ಬಿಡು, ಆಗಲ್ಲ ಬಿಡು."

ಅವನು ಗುರುತಿನಿಂದ ಆಚೆ ಕಾಲಿಟ್ಟ. ಅವಳಿಗೆ ಕಣ್ಣು ತುಂಬಿತು. ಆಗಲೇ ಪೇಪರ್ ಕೆಳಗಿಳಿದ ಆ ಗಳಿಗೆ ನೆನಪಾಯಿತು. ಎಲ್ಲ ಬಿಟ್ಟು ಫೋನ್ ತೆಗೆದಳು. "ಅಮ್ಮ, ಹೇಗಿದೀಯೋ ಹಾಗೇ ಆಟೋ ಹತ್ತಿ ಬಾ. ಜಗಳ ಆಡ್ಬೇಕು."

"ಯಾರ ಜೊತೆ?"

"ಅಪ್ಪನ ಜೊತೆ."

"ಅದಕ್ಕೆ ಆಟೋ ಯಾಕೇ? ಸಂಜೆ ಮನೆಗೇ ಬರ್ತಾರಲ್ಲ."

ಬಂದಳು. ಕೈಯಲ್ಲಿ ತರಕಾರಿ ಚೀಲ ಇತ್ತು, ಮನೆ ಚಪ್ಪಲಿ ಹಾಕಿಕೊಂಡಿದ್ದಳು. ಮಗಳು ಅವಳನ್ನು ಕ್ಯಾಮೆರಾಕ್ಕೆ ಆನಿಕೊಂಡ ಹಾಗೆ, ಲೆನ್ಸಿನ ಪಕ್ಕದಲ್ಲೇ ನಿಲ್ಲಿಸಿ ಕಿವಿಯಲ್ಲಿ ವಿಷಯ ಹೇಳಿದಳು. ಅಮ್ಮ ತಲೆಯಾಡಿಸಿ ಚೀಲ ಕೆಳಗಿಟ್ಟಳು. ಕ್ಯಾಮೆರಾ ಚಾಲೂ ಅಂದರು, ಅಪ್ಪನ ಗಲ್ಲ ಇಳಿಯತೊಡಗಿತು.

"ಅಲ್ಲಾರೀ," ಅಮ್ಮ ಶುರು ಮಾಡಿದಳು, "ಬರುವಾಗ ಬಾಗಿಲಿಗೆ ಬೀಗ ಹಾಕಿದ್ರಾ ಅಂತ ಪಕ್ಕದ ಮನೆಯವ್ರು ಕೇಳ್ತಿದ್ರು. ಊರಿಗೆಲ್ಲ ಮನೆ ತೆರೆದಿಟ್ಟು ಬಂದಿದ್ರಂತೆ?"

ಗಲ್ಲ ಚಂಗನೆ ಮೇಲಕ್ಕೆ ಬಂತು. ಅಪ್ಪ ನೆಟ್ಟಗಾಗಿ ಲೆನ್ಸಿನ ಕಡೆ ಕಣ್ಣು ಬಿಟ್ಟ. "ಬೀಗ ನಾನು ಹಾಕಿಲ್ವಾ? ಎರಡು ಸಲ ಎಳೆದು ನೋಡಿದೀನಿ! ನನ್ನ ಹಿಂದೆ ನೀನೇ ಮನೇಲಿ ಇದ್ದೆಯಲ್ಲೇ!"

"ಹಾಗಾದ್ರೆ ನನ್ನ ಒಳಗೆ ಇಟ್ಟು ಬೀಗ ಹಾಕಿದ್ರಾ?"

ಅಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡರು. ಅಪ್ಪನಿಗೂ ನಗು ಉಕ್ಕಿತು, ಆದರೂ ಕಣ್ಣು ಅವಳ ಮೇಲಿಂದ ಕದಲಲಿಲ್ಲ. ಮಗಳು ನಗುತ್ತಾ ಕಣ್ಣೊರೆಸಿಕೊಳ್ಳುತ್ತಾ ಆ ಚಿತ್ರದ ಮೇಲೆ ಹೀರೋನ ಮುಖ ಹಾಸಿದಳು. ಕಣ್ಣಿಗೆ ಕಣ್ಣು, ಮೂಗಿಗೆ ಮೂಗು, ಗಲ್ಲಕ್ಕೆ ಗಲ್ಲ. ದವಡೆಯ ಅಂಚು ಒಂದರ ಮೇಲೊಂದು ಕೂತು ಒಂದೇ ಗೆರೆಯಾಯಿತು. ಮೂವತ್ತು ವರ್ಷದ ಕೆಳಗೆ ಯಾರೋ ಕಣ್ಣಳತೆಯಲ್ಲೇ ಇವನನ್ನು ಆರಿಸಿದ್ದರಲ್ಲ, ಅವರ ಕಣ್ಣಿಗೆ ಒಂದು ನಮಸ್ಕಾರ. ಮೇಡಂ ಕನ್ನಡಕ ಏರಿಸಿ, ಹತ್ತಿರದಿಂದ, ದೂರದಿಂದ, ಪಕ್ಕದಿಂದ ತೆಗೆದ ಚಿತ್ರದಲ್ಲೂ ನೋಡಿದಳು. "ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ವಿ. ಪಾಸು," ಅಂದಳು.

ಮೆಟ್ಟಿಲ ದೃಶ್ಯದ ದಿನವೂ ಲೆನ್ಸಿನ ಪಕ್ಕ ಅಮ್ಮನಿಗೆ ಒಂದು ಸ್ಟೂಲು ಹಾಕಿದ್ದರು. ಅವತ್ತು ಅವಳು ಜಗಳ ಆಡಲಿಲ್ಲ. ಆಡುವ ಅಗತ್ಯವೂ ಬೀಳಲಿಲ್ಲ, ಸುಮ್ಮನೆ ಕೂತಿದ್ದಳು. ಅಪ್ಪ ಮೆಟ್ಟಿಲು ಓಡಿ ಹತ್ತಿದ, ತಿರುಗಿದ, ತಲೆಯೆತ್ತಿ ಅವಳನ್ನು ನೋಡುತ್ತಾ ನಡೆದು ಬಂದ. ಮೂವತ್ತು ವರ್ಷದಲ್ಲಿ ಮೊದಲ ಸಲ ಸಿನಿಮಾದ ದೃಶ್ಯವೊಂದರಲ್ಲಿ ಕ್ಯಾಮೆರಾ ಅವನ ಮುಖ ನೋಡಿತು. ನಿಂತ, ನೋಡಿದ, ಬೆನ್ನು ಹಾಕಿ ಹೋದ. ಕೆಳಗಿದ್ದ ಕೆಲಸದವರು ಚಪ್ಪಾಳೆ ಹೊಡೆದರು, ಈ ಸಲ ಅದು ಯಾರಿಗೆ ಅಂತ ಯಾರಿಗೂ ಅನುಮಾನ ಇರಲಿಲ್ಲ.

ನಂತರದ ಕೆಲಸ ಮಗಳದು. ಅಪ್ಪನ ಮುಖವನ್ನು ಅಳಿಸುವ ಕೆಲಸ. ಅವಳು ಅದನ್ನು ಬೇರೆ ಯಾರಿಗೂ ಕೊಡಲಿಲ್ಲ. ಕೂತು ಅಷ್ಟು ನಾಜೂಕಾಗಿ ಮಾಡಿದಳೆಂದರೆ, ಹೀರೋನೇ ಕೋಲು ಊರಿಕೊಂಡು ಬಂದು ನೋಡಿ, "ಈ ಮೆಟ್ಟಿಲು ನಾನು ಯಾವಾಗ ಹತ್ತಿದ್ದು?" ಅಂದರು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಬೆನ್ನಪ್ಪನ ದವಡೆಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. "ಇದು ಇಷ್ಟು ವರ್ಷ ನನ್ನ ಬೆನ್ನ ಹಿಂದೇನೇ ಇತ್ತಲ್ಲಯ್ಯ!"

ಅಮ್ಮನಿಗೆ ತೋರಿಸಲು ಅಪ್ಪನೇ ಅವಸರ ಮಾಡಿದ. ಸ್ಟುಡಿಯೋದ ಸಣ್ಣ ಕೋಣೆಯಲ್ಲಿ, ದೊಡ್ಡ ಪರದೆಯ ಮುಂದೆ ಮೂವರೇ ಕೂತರು. ಅಪ್ಪ ಹೊಸ ಅಂಗಿ ಹಾಕಿದ್ದ. ದೃಶ್ಯ ಶುರುವಾಯಿತು. ಮೆಟ್ಟಿಲ ಮೇಲೆ ಒಬ್ಬ ಓಡಿ ಹತ್ತಿದ. ಅಮ್ಮನ ಮೊಣಕೈ ಅಭ್ಯಾಸದಂತೆ ಪಕ್ಕಕ್ಕೆ ಚಾಚಿ ಮಗಳನ್ನು ತಿವಿಯಿತು. ಆಮೇಲೆ ಅವನು ತಿರುಗಿದ. ಮುಖ ಎತ್ತಿ, ಅಮ್ಮನ ಕಡೆಗೇ ನಡೆದು ಬಂದ.

ಅಮ್ಮನ ಮೊಣಕೈ ನಿಂತಿತು. ಅವಳು ಮುಂದಕ್ಕೆ ಬಾಗಿದಳು. ಪರದೆಯ ಆ ಮೂಲೆಯಿಂದ ಈ ಮೂಲೆಗೆ ಹುಡುಕಿದಳು, ಸಂತೆಯಲ್ಲಿ ಕೈತಪ್ಪಿದವರನ್ನು ಹುಡುಕುವ ಹಾಗೆ. ಅಪ್ಪ ಉಸಿರು ಹಿಡಿದು ಅವಳ ಮುಖವನ್ನೇ ನೋಡುತ್ತಿದ್ದ.

"ಎಲ್ರೀ ನೀವು?" ಅಂದಳು.

"ಅದು ನಾನೇ ಕಣೇ. ನಡ್ಕೊಂಡು ಬರ್ತಿರೋನು. ನಿನ್ನನ್ನೇ ನೋಡ್ತಾ ಇದೀನಲ್ಲ!"

"ಅದು ಅವ್ರು," ಅಮ್ಮ ಅಂದಳು. "ನೀವೆಲ್ಲಿ?"

ಮಗಳಿಗೆ ತನ್ನ ಕೆಲಸ ಇಷ್ಟು ಚೆನ್ನಾಗಿ ಆಗಬಾರದಿತ್ತು ಅಂತ ಜೀವನದಲ್ಲಿ ಮೊದಲ ಸಲ ಅನಿಸಿತು. "ಅಮ್ಮ, ಕಿವಿ ನೋಡು, ಅಪ್ಪಂದೇ. ದವಡೆ ಅಂಚೂ ಅಪ್ಪಂದೇ," ಅಂತ ಬೆರಳು ತೋರಿಸಿದಳು. ಅಮ್ಮ ತೋರಿಸಿದ ಕಡೆಗೆಲ್ಲ ನೋಡಿದಳು, ಪಾಪ, ಪ್ರಯತ್ನಪಟ್ಟಳು. ಅಪ್ಪ ಅಂಗಿಯ ಗುಂಡಿಯನ್ನು ತಿರುವುತ್ತಾ ಕೂತ.

ಪರದೆಯ ಮೇಲಿದ್ದವನು ಕೊನೆಯ ಸಲ ನೇರವಾಗಿ ನೋಡಿದ. ಆಮೇಲೆ ಮೆಲ್ಲಗೆ ಬೆನ್ನು ತಿರುಗಿಸಿ, ಎಡಹೆಗಲು ಒಂಚೂರು ಇಳಿಬಿಟ್ಟುಕೊಂಡು, ಮೆಟ್ಟಿಲ ಕಡೆ ನಡೆದ.

ಅಮ್ಮ ಸೀಟಿನಿಂದ ಅರ್ಧ ಎದ್ದೇಬಿಟ್ಟಳು. ಮೊಣಕೈಯಿಂದ ಗಂಡನ ಪಕ್ಕೆಗೆ ಬಲವಾಗಿ ತಿವಿದಳು.

"ಅಗೋ," ಅಂದಳು, "ಈಗ ಬಂದ್ರಿ ನೋಡಿ!"